ಖಾನಾಪುರದಿಂದ ಬಂದ ಫೋಟೊ, ಹತ್ತು ಇಟ್ಟಿಗೆ ಮತ್ತು ಒಂದು ಟಿ-ಪರೀಕ್ಷೆ

ದ್ವಿತೀಯ ಪಿಯುಸಿಯ ಸಂಖ್ಯಾಶಾಸ್ತ್ರದಲ್ಲಿ ಪ್ರಾಕ್ಕಲ್ಪನೆಯ ಪರೀಕ್ಷೆ ಬಂದಾಗ ನಾವೆಲ್ಲ ಸೂತ್ರ ಬಾಯಿಪಾಠ ಮಾಡಿ, ಕೊನೆಗೆ ‘H0 ತಿರಸ್ಕೃತ’ ಅಥವಾ ‘H0 ಸ್ವೀಕೃತ’ ಎಂದು ಬರೆದು ಪುಟ ಮುಗಿಸುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಈ ವರ್ಷ ಅದೇ ಲೆಕ್ಕವನ್ನು ಮನೆಯ ಕೆಲಸಕ್ಕೆ ಮಾಡಬೇಕಾಗಿ ಬಂತು. ಮೊದಲ ಸಲ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಸೂತ್ರದಲ್ಲಿ ತಪ್ಪಿರಲಿಲ್ಲ, ಫೋಟೊ ಓದುವುದರಲ್ಲಿ ತಪ್ಪಿತ್ತು.

ನನ್ನ ಮಾಮು ಖಾನಾಪುರದಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರ. ಆ ಊರಿನ ಮಣ್ಣು ಹೆಂಚು ಮತ್ತು ಕುಂಬಾರಿಕೆಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಅಲ್ಲೇ. ಮಾಮು ಒಂದು ಭಟ್ಟಿಯಿಂದ ಮೂರು ಸಾವಿರ ಇಟ್ಟಿಗೆ ತರಿಸಿದ್ದರು. ಬಿಲ್ಲಿನಲ್ಲಿ ಅಳತೆ 230×110×70 ಮಿ.ಮೀ. ಎಂದಿತ್ತು. ಗೋಡೆ ಎರಡು ವರಸೆ ಏಳುವಷ್ಟರಲ್ಲಿ ಗೌಂಡಿ ಹೇಳಿದರು: “ಸಾಹೇಬ್ರ, ಇಟ್ಟಂಗಿ ಸ್ವಲ್ಪ ಗಿಡ್ಡ ಅದಾವ. ಲೈನ್ ಕೂಡಸೂದ್ರಾಗ ತುಂಡು ಜಾಸ್ತಿ ಹಾಕ್ಬೇಕಾಗೇದ.” ಮಾಮು ಉಳಿದ ಅರ್ಧ ಹಣ ಕೊಡದೆ ತಡೆದರು. ಭಟ್ಟಿಯವರು ಫೋನಿನಲ್ಲಿ, ಮಣ್ಣಿನ ಇಟ್ಟಿಗೆ ಎಂದ ಮೇಲೆ ಒಂದು ದೊಡ್ಡದು, ಒಂದು ಸಣ್ಣದು ಇದ್ದೇ ಇರುತ್ತದೆ ಎಂದರು. ಇಬ್ಬರ ಮಾತೂ ಸುಳ್ಳಲ್ಲ. ಹಾಗಿದ್ದರೆ ಯಾರದ್ದು ಸರಿ ಎಂದು ತೀರ್ಮಾನಿಸುವುದು ಹೇಗೆ?

ಮಾಮು ನನಗೆ ಫೋನ್ ಮಾಡಿದರು. “ಬೇಟಾ, ಕಾಲೇಜಿನಲ್ಲಿ ಏನೋ ಸ್ಯಾಂಪಲ್ ಲೆಕ್ಕ ಕಲೀತೀಯಲ್ಲ, ಅದು ಇದಕ್ಕೆ ಆಗುತ್ತಾ?” ಆಗುತ್ತದೆ ಎಂದೆ. ಹತ್ತು ಇಟ್ಟಿಗೆಯ ಉದ್ದ ಅಳೆದು ಬರೆಸಿ ಕಳಿಸಿ ಎಂದೆ. ಅದೇ ಸಂಜೆ ಗೌಂಡಿಯ ನೋಟ್‌ಬುಕ್ಕಿನ ಒಂದು ಹಾಳೆಯ ಫೋಟೊ ಬಂತು. ಪೆನ್ಸಿಲಿನಲ್ಲಿ ಬರೆದದ್ದು, ಬಲ್ಬಿನ ಬೆಳಕಿನಲ್ಲಿ ತೆಗೆದದ್ದು, ಕೆಳಗಿನ ಮೂಲೆಯ ಮೇಲೆ ಹೆಬ್ಬೆರಳು. ನಾನು ಓದಿಕೊಂಡ ಅಂಕಿಗಳು ಇವು, ಎಲ್ಲವೂ ಮಿಲಿಮೀಟರಿನಲ್ಲಿ:

228, 239, 225, 229, 226, 229, 230, 227, 232, 226

ಮೊದಲು ಪ್ರಶ್ನೆಯನ್ನು ಸರಿಯಾಗಿ ಇಡಬೇಕು. ನಮಗೆ ಬೇಕಾದದ್ದು ಈ ಹತ್ತು ಇಟ್ಟಿಗೆಯ ಸರಾಸರಿಯಲ್ಲ. ಅದು ಕೂಡಿಸಿ ಭಾಗಿಸಿದರೆ ಸಿಗುತ್ತದೆ, ಅದಕ್ಕೆ ಪರೀಕ್ಷೆ ಬೇಡ. ಬೇಕಾದದ್ದು ಮೂರು ಸಾವಿರ ಇಟ್ಟಿಗೆಯ ಸರಾಸರಿ, ಅಂದರೆ ಸಮಷ್ಟಿಯ ಸರಾಸರಿ μ. ಶೂನ್ಯ ಪ್ರಾಕ್ಕಲ್ಪನೆ ಭಟ್ಟಿಯವರ ಮಾತು: H0: μ = 230. ಪರ್ಯಾಯ ಪ್ರಾಕ್ಕಲ್ಪನೆ ಗೌಂಡಿಯ ಮಾತು: H1: μ < 230. ‘ಕಡಿಮೆ’ ಎಂಬ ಒಂದೇ ಬದಿಯನ್ನು ಹಿಡಿದದ್ದಕ್ಕೆ ಕಾರಣವಿದೆ. ಗೌಂಡಿ ‘ಗಿಡ್ಡ’ ಎಂದದ್ದು ಅಳತೆ ಮಾಡುವುದಕ್ಕಿಂತ ಮೊದಲು. ಅಳತೆ ನೋಡಿದ ಮೇಲೆ, ಅಂಕಿಗಳು ಯಾವ ಕಡೆ ವಾಲಿವೆಯೋ ಆ ಕಡೆಯನ್ನೇ ಆರಿಸಿಕೊಂಡರೆ ಅದು ಆಟ ಮುಗಿದ ಮೇಲೆ ನಿಯಮ ಬರೆದಂತೆ. ಸಾರ್ಥಕತಾ ಮಟ್ಟವನ್ನೂ ನಾನು ಮೊದಲೇ 5% ಎಂದು ಇಟ್ಟುಕೊಂಡೆ.

ಮಾದರಿ ಸಣ್ಣದು, ಸಮಷ್ಟಿಯ ಮಾನಕ ವಿಚಲನೆ ಗೊತ್ತಿಲ್ಲ. ಆದ್ದರಿಂದ ಝಡ್ ಪರೀಕ್ಷೆ ಬಾರದು, ಟಿ-ಪರೀಕ್ಷೆ ಬೇಕು. ಇದನ್ನು ಕಂಡುಹಿಡಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ನೌಕರ. ಅಲ್ಲಿಯೂ ಇದೇ ತೊಂದರೆ, ಅಳೆಯಲು ಸಿಗುತ್ತಿದ್ದ ಮಾದರಿಗಳು ಬಹಳ ಕಡಿಮೆ. 1908ರಲ್ಲಿ ಅವರು ತಮ್ಮ ಲೇಖನವನ್ನು ಪ್ರಕಟಿಸಿದ್ದು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ. ಹೀಗಾಗಿ ಪುಸ್ತಕದಲ್ಲಿ ‘ಸ್ಟೂಡೆಂಟ್ಸ್ ಟಿ’ ಎಂದಿದ್ದರೆ ಅದು ವಿದ್ಯಾರ್ಥಿಗಳಿಗಾಗಿ ಮಾಡಿದ್ದು ಎಂದಲ್ಲ. ನಾನು ಒಂದು ವರ್ಷ ಹಾಗೆಂದೇ ತಿಳಿದಿದ್ದೆ.

ಲೆಕ್ಕ ಹಗುರವಾಗಲು ಪ್ರತಿ ಅಳತೆಯಿಂದ 230 ಕಳೆದೆ. ಬಂದ ವ್ಯತ್ಯಾಸಗಳು -2, 9, -5, -1, -4, -1, 0, -3, 2, -4. ಮೊತ್ತ -9, ಅಂದರೆ ಸರಾಸರಿ 230ಕ್ಕಿಂತ 0.9 ಕಡಿಮೆ, 229.1 ಮಿ.ಮೀ. ವ್ಯತ್ಯಾಸಗಳ ವರ್ಗಗಳ ಮೊತ್ತ 157. ಅದರಿಂದ 10×0.9² = 8.1 ಕಳೆದರೆ 148.9. ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ s = 4.07. ಅದನ್ನು √10 ರಿಂದ ಭಾಗಿಸಿದರೆ ಮಾನಕ ದೋಷ 1.29. ಆದ್ದರಿಂದ

t = -0.9 / 1.29 = -0.70

ಒಂಬತ್ತು ಡಿಗ್ರೀಸ್ ಆಫ್ ಫ್ರೀಡಂಗೆ 5% ಮಟ್ಟದಲ್ಲಿ, ಒಂದೇ ಬದಿಗೆ, ಕೋಷ್ಟಕದ ಬೆಲೆ 1.833. H0 ತಿರಸ್ಕರಿಸಬೇಕಾದರೆ t ಯು -1.833 ಕ್ಕಿಂತ ಕೆಳಗೆ ಹೋಗಬೇಕಿತ್ತು. ಹೋಗಲಿಲ್ಲ. ನಾನು ಮಾಮುವಿಗೆ ಮೆಸೇಜ್ ಹಾಕಿದೆ: “ಇಟ್ಟಿಗೆ ಸರಿಯಾದ ಅಳತೆಯವೇ ಎಂದು ಸಾಬೀತಾಗಿದೆ.”

ಆ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು. ಒಂದು ತಪ್ಪು ‘ಸಾಬೀತಾಗಿದೆ’ ಎಂಬ ಶಬ್ದದಲ್ಲೇ ಇದೆ. H0 ತಿರಸ್ಕಾರವಾಗದಿದ್ದರೆ ‘ಕಡಿಮೆ ಇದೆ ಎನ್ನಲು ಈ ಮಾದರಿಯಲ್ಲಿ ಸಾಕಷ್ಟು ಆಧಾರ ಸಿಗಲಿಲ್ಲ’ ಎಂದಷ್ಟೇ ಅರ್ಥ. ಕೋರ್ಟಿನಲ್ಲಿ ಸಾಕ್ಷಿ ಸಾಲದೆ ಒಬ್ಬ ಬಿಡುಗಡೆಯಾದರೆ ಅವನು ನಿರಪರಾಧಿ ಎಂದು ತೋರಿಸಿಕೊಟ್ಟಂತಲ್ಲ. ಇನ್ನೊಂದು ತಪ್ಪನ್ನು ಮರುದಿನ ನಮ್ಮ ಸಂಖ್ಯಾಶಾಸ್ತ್ರದ ಸರ್ ಹಿಡಿದರು.

ಹೆಮ್ಮೆಯಿಂದ ಲೆಕ್ಕ ತೋರಿಸಿದೆ. ಸರ್ t ಯ ಬೆಲೆ ನೋಡಲೇ ಇಲ್ಲ. ಅಂಕಿಗಳ ಸಾಲಿನ ಮೇಲೆ ಬೆರಳಿಟ್ಟು, “ಈ 239 ಎಲ್ಲಿಂದ ಬಂತು? ಉಳಿದ ಒಂಬತ್ತೂ 225ರಿಂದ 232ರೊಳಗೆ ಇವೆ. ಇದೊಂದೇ ಏಳು ಮಿಲಿಮೀಟರ್ ಹಾರಿದೆ” ಎಂದರು. ಆಮೇಲೆ ಇಟ್ಟಿಗೆಯ ವಿಷಯ ಹೇಳಿದರು. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಬೇಯುವಾಗ ಮತ್ತೆ ಕುಗ್ಗುತ್ತದೆ. ಬೆಂಕಿಗೆ ಹತ್ತಿರವಿದ್ದದ್ದು ಹೆಚ್ಚು ಕುಗ್ಗುತ್ತದೆ, ಭಟ್ಟಿಯ ಹೊರ ಅಂಚಿನಲ್ಲಿದ್ದದ್ದು ಕಡಿಮೆ. ಒಂದೇ ಅಚ್ಚಿನಿಂದ ಬಂದ ಇಟ್ಟಿಗೆಗಳು ಒಂದಕ್ಕೊಂದು ಸಮವಾಗಿ ಇರದಿರಲು ಇದೇ ಕಾರಣ. “239 ನಿಜವಾಗಿದ್ದರೆ ಅದು ಸರಿಯಾಗಿ ಬೇಯದ ಇಟ್ಟಿಗೆ ಇರಬೇಕು. ಇಲ್ಲವೇ ನೀನು ಓದಿದ್ದು ತಪ್ಪಿರಬೇಕು. ಫೋಟೊ ತೋರಿಸು.”

ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆವು. ಗೌಂಡಿ ಮರಾಠಿ ಶಾಲೆಯಲ್ಲಿ ಓದಿದವರು. ಅಂಕಿಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಬರೆದಿದ್ದರು, ಆದರೆ ಕೈ ಅಭ್ಯಾಸದಿಂದ ನಡುವೆ ಮರಾಠಿಯ ಒಂದು ಬಂದುಬಿಟ್ಟಿತ್ತು. ಮರಾಠಿಯ ಒಂದು ನೋಡಲು ಇಂಗ್ಲಿಷಿನ ಒಂಬತ್ತಿನಂತೆಯೇ ಇರುತ್ತದೆ, ಮೇಲೆ ಸಣ್ಣ ದುಂಡು, ಕೆಳಗೆ ಬಾಲ. ನಮ್ಮ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಬೀದಿಯಲ್ಲಿ ನಡೆಯುವುದರಿಂದ ಈ ತೊಂದರೆ ಹೊಸದಲ್ಲ. ಅರಬ್ಬಿಯಲ್ಲಿ ಐದು ಬರೆದರೆ ದುಂಡಗೆ ಸೊನ್ನೆಯಂತೆ ಕಾಣುತ್ತದೆ, ಅದು ನಿಮಗೂ ಗೊತ್ತು. ಒಂದೇ ಹಾಳೆಯಲ್ಲಿ ಎರಡು ಲಿಪಿ ಬೆರೆತಾಗ ಮಾತ್ರ ಕಣ್ಣು ಮೋಸ ಹೋಗುತ್ತದೆ.

ನಾನು ಕೊನೆಯ ಅಂಕಿಯನ್ನು ಒಂಬತ್ತು ಎಂದು ಓದಿದ್ದು ಮೂರು ಕಡೆ: ಎರಡನೆಯ, ನಾಲ್ಕನೆಯ ಮತ್ತು ಆರನೆಯ ಇಟ್ಟಿಗೆ. ಇವುಗಳಲ್ಲಿ ಯಾವುದು ಒಂಬತ್ತು, ಯಾವುದು ಒಂದು? ಪೆನ್ಸಿಲ್ ಮಸುಕಾಗಿತ್ತು, ಫೋಟೊದಿಂದ ಹೇಳಲು ಬರಲಿಲ್ಲ. ಹೆಬ್ಬೆರಳಿನ ಕೆಳಗೆ ಏನೋ ಬರೆದಂತೆ ಕಂಡಿತು. ಇಡೀ ಹಾಳೆಯ ಫೋಟೊವನ್ನು ಹಗಲು ಬೆಳಕಿನಲ್ಲಿ ಮತ್ತೆ ತೆಗೆದು ಕಳಿಸಲು ಮಾಮುವಿಗೆ ಹೇಳಿದೆ. ಕೆಳಗೆ ಗೌಂಡಿ ಮೊತ್ತ ಬರೆದಿದ್ದರು: 2275. ನಾನು ಓದಿದ ಅಂಕಿಗಳ ಮೊತ್ತ 2291. ವ್ಯತ್ಯಾಸ 16.

ಈ 16 ಬಹಳ ಹೇಳುತ್ತದೆ. ಒಂದನ್ನು ಒಂಬತ್ತು ಎಂದು ಓದಿದರೆ ಪ್ರತಿ ಸಲ ಎಂಟು ಹೆಚ್ಚಾಗುತ್ತದೆ. ಹದಿನಾರು ಎಂದರೆ ಮೂರರಲ್ಲಿ ಎರಡು ಕಡೆ ತಪ್ಪಾಗಿದೆ. ಆದರೆ ಯಾವ ಎರಡು ಎಂದು ಮೊತ್ತ ಹೇಳುವುದಿಲ್ಲ. ಎರಡನೆಯ ಇಟ್ಟಿಗೆ 231 ಆಗಿ, ಎರಡು 229ಗಳಲ್ಲಿ ಒಂದು 221 ಆಗಿರಬಹುದು. ಇಲ್ಲವೇ 239 ಹಾಗೆಯೇ ಉಳಿದು, 229 ಎಂದು ಓದಿದ ಎರಡೂ 221 ಆಗಿರಬಹುದು. ಎರಡರಲ್ಲಿಯೂ ಸರಾಸರಿ ಒಂದೇ ಬರುತ್ತದೆ, ಆದರೆ ಮಾನಕ ವಿಚಲನೆ ಬೇರೆ, ಹಾಗಾಗಿ t ಬೇರೆ. ಇಂಥ ಕಡೆ ನಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುವಂತಿಲ್ಲ. ಗೌಂಡಿಗೆ ಫೋನ್ ಮಾಡಿ ಕೇಳಿದೆ. “239? ಅಷ್ಟ ಉದ್ದ ಇದ್ದಿದ್ರ ನಾನ ಎತ್ತಿ ಬಾಜೂಕ ಇಡ್ತಿದ್ದೆ. ಅದು ಎರಡನೂರಾ ಮೂವತ್ತೊಂದು” ಎಂದರು. ಆರನೆಯದು 221 ಎಂದೂ ನೋಟ್‌ಬುಕ್ ನೋಡಿ ಓದಿ ಹೇಳಿದರು.

ಸರಿಯಾದ ಅಂಕಿಗಳು ಹೀಗೆ: 228, 231, 225, 229, 226, 221, 230, 227, 232, 226. ಈಗ 230 ಕಳೆದಾಗ ವ್ಯತ್ಯಾಸಗಳ ಮೊತ್ತ -25, ಸರಾಸರಿ 227.5. ವರ್ಗಗಳ ಮೊತ್ತ ನೋಡಿ ನನಗೆ ನಗು ಬಂತು, ಅದು ಮತ್ತೆ 157. ತಪ್ಪು ಓದಿನಲ್ಲಿ 9 ಮತ್ತು -1 ಇದ್ದದ್ದು ಈಗ 1 ಮತ್ತು -9 ಆಗಿದೆ, ಅಷ್ಟೇ. ಆದರೆ ಈಗ ಕಳೆಯಬೇಕಾದದ್ದು 10×2.5² = 62.5, ಉಳಿದದ್ದು 94.5. ಒಂಬತ್ತರಿಂದ ಭಾಗಿಸಿದರೆ 10.5, ವರ್ಗಮೂಲ 3.24. ಮಾನಕ ದೋಷ 3.24/√10 = 1.025.

t = -2.5 / 1.025 = -2.44

ಇದು -1.833 ಕ್ಕಿಂತ ಕೆಳಗಿದೆ. H0 ತಿರಸ್ಕೃತ. ಹತ್ತರಲ್ಲಿ ಎರಡು ಅಂಕಿ ತಪ್ಪಾಗಿ ಓದಿದ್ದರಿಂದ ಸರಾಸರಿ ಬದಲಾದದ್ದು 1.6 ಮಿ.ಮೀ. ಮಾತ್ರ, ಆದರೆ ತೀರ್ಪು ಪೂರ್ತಿ ತಿರುಗಿಬಿದ್ದಿತು. ತಪ್ಪು ಓದು ಎರಡು ರೀತಿಯಲ್ಲಿ ಕೆಲಸ ಮಾಡಿತ್ತು: ಸರಾಸರಿಯನ್ನು 230ರ ಹತ್ತಿರ ತಂದಿತ್ತು, ಹರವನ್ನು ಹಿಗ್ಗಿಸಿ ಮಾನಕ ದೋಷವನ್ನೂ ಹೆಚ್ಚಿಸಿತ್ತು.

ಇಲ್ಲಿ ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಕೆಲವು ಪುಸ್ತಕಗಳಲ್ಲಿ s ಕಂಡುಹಿಡಿಯುವಾಗ n ನಿಂದ ಭಾಗಿಸಿ, ಆಮೇಲೆ ಮಾನಕ ದೋಷಕ್ಕೆ √(n-1) ರಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ 94.5/10 ರ ವರ್ಗಮೂಲ 3.074, ಅದನ್ನು 3 ರಿಂದ ಭಾಗಿಸಿದರೆ ಅದೇ 1.025. ಯಾವ ದಾರಿಯಾದರೂ ಸರಿ. ಅರ್ಧ ಈ ದಾರಿ, ಅರ್ಧ ಆ ದಾರಿ ಹಿಡಿದರೆ, ಅಂದರೆ 3.074 ನ್ನು √10 ರಿಂದ ಭಾಗಿಸಿದರೆ, t ಯು -2.57 ಎಂದು ಬರುತ್ತದೆ. ಈ ಲೆಕ್ಕದಲ್ಲಿ ತೀರ್ಪು ಬದಲಾಗಲಿಲ್ಲ ಎಂದು ಸುಮ್ಮನಿರಬೇಡಿ, ಗಡಿಯ ಹತ್ತಿರವಿದ್ದಾಗ ಬದಲಾಗುತ್ತದೆ.

ಈಗ ಕೊನೆಯ ಸಾಲು. ಮಾಮುವಿಗೆ ‘H0 ತಿರಸ್ಕೃತ’ ಎಂದರೆ ಏನೂ ಆಗುವುದಿಲ್ಲ. ಸರ್ ಕೇಳಿದರು: “ಮಾಮುವಿಗೆ ಏನು ಬರೀತಿ, ನನಗೆ ಓದಿ ಹೇಳು.” ನಾನು “ಇಟ್ಟಿಗೆ ಗಿಡ್ಡ ಇವೆ, ಭಟ್ಟಿಯವರು ಮೋಸ ಮಾಡಿದ್ದಾರೆ” ಎಂದೆ. ಮೋಸ ಎಂಬುದು ಯಾವ ಅಂಕಿಯಲ್ಲಿದೆ ಎಂದು ಅವರು ಕೇಳಿದರು. ಯಾವುದರಲ್ಲೂ ಇರಲಿಲ್ಲ. ಪರೀಕ್ಷೆ ಹೇಳಿದ್ದು ಇಷ್ಟೇ: ಸರಾಸರಿ ನಿಜವಾಗಿ 230 ಆಗಿದ್ದರೆ, ಇಷ್ಟು ಕಡಿಮೆ ಬರುವ ಹತ್ತು ಇಟ್ಟಿಗೆಯ ಮಾದರಿ ನೂರರಲ್ಲಿ ಸುಮಾರು ಎರಡು ಸಲ ಮಾತ್ರ ಸಿಗುತ್ತದೆ. ಆದ್ದರಿಂದ ಸರಾಸರಿ 230 ಎಂಬ ಮಾತು ನಂಬಲು ಕಷ್ಟ. ಏಕೆ ಕಡಿಮೆಯಾಯಿತು, ಬೇಕೆಂದೇ ಮಾಡಿದರೋ, ಭಟ್ಟಿ ಹೆಚ್ಚು ಕಾದಿತ್ತೋ, ಅದನ್ನು t ಹೇಳುವುದಿಲ್ಲ. ಇಟ್ಟಿಗೆ ಗಟ್ಟಿ ಇದೆಯೋ ಇಲ್ಲವೋ ಎಂದಂತೂ ಹೇಳುವುದೇ ಇಲ್ಲ.

ಎಷ್ಟು ಕಡಿಮೆ ಎಂಬುದೂ ಬೇಕು. 95% ವಿಶ್ವಾಸಾಂತರ ಹಾಕಿದೆ: 227.5 ± 2.262×1.025, ಅಂದರೆ 225.2 ರಿಂದ 229.8. ಕೊರತೆ ಸುಮಾರು ಎರಡೂವರೆ ಮಿಲಿಮೀಟರ್. ಹತ್ತು ಮಿಲಿಮೀಟರ್ ಗಾರೆಯ ಸಂದು ಸೇರಿಸಿದರೆ ಒಂದು ಇಟ್ಟಿಗೆ 240ರ ಬದಲು 237.5 ಮಿ.ಮೀ. ಜಾಗ ತುಂಬುತ್ತದೆ. ಮೂರು ಸಾವಿರ ಇಟ್ಟಿಗೆಯ ಗೋಡೆಗೆ ಮೂವತ್ತೆರಡು ಇಟ್ಟಿಗೆ ಹೆಚ್ಚು ಬೇಕು, ನೂರಕ್ಕೆ ಒಂದರಷ್ಟು. ಗೌಂಡಿಯ ಕೈಗೆ ಗೊತ್ತಾದದ್ದು ಇದೇ ಒಂದು ಪರ್ಸೆಂಟ್. ಆ ಮನುಷ್ಯನ ಕೈಯನ್ನು ಮೆಚ್ಚಬೇಕು.

ಇಟ್ಟಿಗೆಯ ಭಾರತೀಯ ಮಾನಕ ಐಎಸ್ 1077 ಏನು ಹೇಳುತ್ತದೆ ಎಂದು ಸರ್ ತೋರಿಸಿದರು. ಅದು ಒಂದೊಂದೇ ಇಟ್ಟಿಗೆ ಅಳೆಯುವುದಿಲ್ಲ. ಗುಪ್ಪೆಯಿಂದ ಯಾದೃಚ್ಛಿಕವಾಗಿ ಆರಿಸಿದ ಇಪ್ಪತ್ತು ಇಡೀ ಇಟ್ಟಿಗೆಗಳನ್ನು, ಅಂಟಿದ ಮಣ್ಣಿನ ಹಳಕು ಮತ್ತು ಮೊಳೆಯಂತೆ ಎದ್ದ ಭಾಗ ತೆಗೆದು, ಒಂದಕ್ಕೊಂದು ತಾಗುವಂತೆ ಸಾಲಾಗಿ ಇಟ್ಟು ಒಟ್ಟು ಉದ್ದ ನೋಡುತ್ತದೆ. 230 ಮಿ.ಮೀ. ಇಟ್ಟಿಗೆಗೆ ಆ ಉದ್ದ 4520 ರಿಂದ 4680 ಮಿ.ಮೀ. ಒಳಗಿರಬೇಕು. ಇದೂ ಸರಾಸರಿಯ ಪರೀಕ್ಷೆಯೇ, ಇಪ್ಪತ್ತರಿಂದ ಭಾಗಿಸಿದರೆ 226 ರಿಂದ 234. ನಮ್ಮ 227.5 ಅದರೊಳಗಿದೆ. ಆದರೆ ನಮ್ಮ ವಿಶ್ವಾಸಾಂತರದ ಕೆಳ ತುದಿ 225.2, ಅದು ಹೊರಗಿದೆ. ಹತ್ತೇ ಇಟ್ಟಿಗೆಯಿಂದ ‘ಮಾನಕದೊಳಗೆ ಇದೆ’ ಎಂದು ಗಟ್ಟಿಯಾಗಿ ಹೇಳಲು ಬಾರದು.

ಜೊತೆಗೆ ಇನ್ನೊಂದು ಸಂಶಯ ಉಳಿದಿತ್ತು. ಗೌಂಡಿ ಆ ಹತ್ತನ್ನು ಎಲ್ಲಿಂದ ಆರಿಸಿದರು? ಕೇಳಿದಾಗ, ಕೈಗೆ ಸಿಕ್ಕ ಕಡೆಯಿಂದ, ಗುಪ್ಪೆಯ ಒಂದೇ ಮೂಲೆಯಿಂದ ಎಂದರು. ಆ ಮೂಲೆಯ ಇಟ್ಟಿಗೆಗಳು ಭಟ್ಟಿಯಲ್ಲಿ ಬೆಂಕಿಯ ಹತ್ತಿರ ಇದ್ದವಾದರೆ ಎಲ್ಲವೂ ಹೆಚ್ಚು ಕುಗ್ಗಿರುತ್ತವೆ, ಉಳಿದವು ಹಾಗಿರಲಿಕ್ಕಿಲ್ಲ. ಎಷ್ಟು ಜಾಣ ಸೂತ್ರವೂ ಇದನ್ನು ಸರಿಪಡಿಸಲಾರದು.

ಆದ್ದರಿಂದ ಭಾನುವಾರ ಖಾನಾಪುರಕ್ಕೆ ಹೋದೆ. ಗುಪ್ಪೆಯ ನಾಲ್ಕೂ ಬದಿಯಿಂದ, ಮೇಲಿಂದ, ನಡುವಿನಿಂದ, ತಳದಿಂದ ಇಪ್ಪತ್ತು ಇಟ್ಟಿಗೆ ತೆಗೆಸಿದೆವು. ಗೌಂಡಿ ದಾರ ಹಿಡಿದು ಸಾಲು ನೇರ ಮಾಡಿದರು, ಮಾಮು ಟೇಪು ಹಿಡಿದರು. ನಾನು ಈ ಸಲ ಫೋಟೊ ತೆಗೆಯುವ ಮೊದಲು ಅಂಕಿಯನ್ನು ಗಟ್ಟಿಯಾಗಿ ಓದಿ, ಇಬ್ಬರಿಂದಲೂ ಹೌದು ಎನ್ನಿಸಿಕೊಂಡು ಬರೆದೆ: 4548. ಸರಾಸರಿ 227.4.

ಅಲ್ಲೇ ಕುಳಿತು ಮಾಮುವಿಗೆ ಬರೆದುಕೊಟ್ಟೆ: “ಇಟ್ಟಿಗೆಗಳು ಸರಾಸರಿ 230 ಮಿ.ಮೀ. ಇಲ್ಲ, ಸುಮಾರು ಎರಡೂವರೆ ಮಿ.ಮೀ. ಕಡಿಮೆ ಇವೆ. ಇದು ಆಕಸ್ಮಿಕವಾಗಿ ಸಣ್ಣ ಇಟ್ಟಿಗೆಗಳೇ ಕೈಗೆ ಬಂದದ್ದರಿಂದ ಎಂದು ಹೇಳುವುದು ಕಷ್ಟ. ಆದರೆ ಉದ್ದದ ಮಟ್ಟಿಗೆ ಸರಕು ಮಾನಕ ಒಪ್ಪುವ ಮಿತಿಯೊಳಗೆ ಇದೆ, ಹಿಂದಿರುಗಿಸುವಂಥದ್ದಲ್ಲ. ಈ ಕೊರತೆಗೆ ಮೂವತ್ತು-ಮೂವತ್ತೈದು ಇಟ್ಟಿಗೆ ಹೆಚ್ಚು ಕೇಳಬಹುದು.”

ಮಾಮು ಅದನ್ನು ಭಟ್ಟಿಯವರಿಗೆ ಓದಿ ಹೇಳಿದರು. ಆ ಕಡೆಯಿಂದ ಬಂದ ಮೊದಲ ಮಾತು, “ನಾವು ಒಂಬತ್ತು ಇಂಚಂತ ಹೇಳಿದ್ವಿ.” ಒಂಬತ್ತು ಇಂಚು ಎಂದರೆ 228.6 ಮಿ.ಮೀ. ನಾನು ಅಲ್ಲಿಯೇ ಮೊದಲಿನ ಹತ್ತು ಇಟ್ಟಿಗೆಯ ಲೆಕ್ಕಕ್ಕೆ μ ಬದಲಿಸಿ ನೋಡಿದೆ: t ಯು -1.07, H0 ತಿರಸ್ಕಾರವಾಗುವುದಿಲ್ಲ. ಅದೇ ಇಟ್ಟಿಗೆ, ಅದೇ ಅಳತೆ, ಹೋಲಿಸುವ ಅಂಕಿ ಬದಲಾದರೆ ತೀರ್ಪೂ ಬದಲು. ಆದರೆ ಬಿಲ್ಲಿನಲ್ಲಿ 230 ಎಂದು ಅವರೇ ಬರೆದಿದ್ದರು. ಮಾಮು ಬಿಲ್ಲಿನ ಫೋಟೊ ಕಳಿಸಿದರು. ಸ್ವಲ್ಪ ಹೊತ್ತಿನ ಮೇಲೆ ಭಟ್ಟಿಯವರು ಮುಂದಿನ ಲೋಡಿನ ಜೊತೆ ನಲವತ್ತು ಇಟ್ಟಿಗೆ ಹೆಚ್ಚು ಹಾಕುವುದಾಗಿ ಒಪ್ಪಿದರು, ಮಾಮು ಉಳಿದ ಹಣವನ್ನು ಅದೇ ಸಂಜೆ ಕೊಟ್ಟರು. ಗೌಂಡಿ ನೋಟ್‌ಬುಕ್ ತಿರುವಿ, ತಮ್ಮ ಮರಾಠಿ ಒಂದನ್ನು ನನ್ನ ಪೆನ್ನಿನಿಂದ ತಿದ್ದಿ, ನೇರ ಗೀಟು ಮಾಡಿದರು.